ಸ್ಟಿಕ್ಕರ್ ಕಾಣಬೇಕು, ಹಿಡಿತ ಕೆಡಬಾರದು

ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಗೋಡೆಗೆ ಹಾಕುವ ದೊಡ್ಡ ಜಾಹೀರಾತಿನ ಫೋಟೊ ತೆಗೆದುಕೊಟ್ಟಿದ್ದೆ. ಮಾಡೆಲ್ ಹುಡುಗ ಎತ್ತರದವನು, ನಗು ಚೆನ್ನಾಗಿತ್ತು, ಬೆಳಕೂ ಒಳ್ಳೆಯದೇ ಬಿದ್ದಿತ್ತು. ಕಾಚಿಗುಡದಲ್ಲಿ ನನ್ನ ಮನೆಯ ಹತ್ತಿರ ಕಲಬುರಗಿ ಕಡೆಯ ಹಿರಿಯರೊಬ್ಬರಿದ್ದಾರೆ. ನಲವತ್ತು ವರ್ಷ ಹುಡುಗರಿಗೆ ಕ್ರಿಕೆಟ್ ಕಲಿಸಿದವರು. ಅವರಿಗೆ ಪ್ರಿಂಟ್ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಅಲ್ರೀ, ಈ ಹುಡುಗ ಕಸಬರಿಗಿ ಹಿಡಿದಂಗ ಬ್ಯಾಟ್ ಹಿಡಿದಾನಲ್ರೀ. ಇದನ್ನ ನೋಡಿ ನಮ್ಮ ಹುಡುಗರು ಬ್ಯಾಟ್ ತಗೋಬೇಕೇನ್ರೀ?"

ಹುಡುಗನ ತಪ್ಪೇನೂ ಇರಲಿಲ್ಲ, ಹಾಗೆ ಹಿಡಿಸಿದ್ದು ನಾನೇ. ಅಂಗಡಿಯವರು ಬ್ಯಾಟಿನ ಮೇಲಿನ ಸ್ಟಿಕ್ಕರ್ ಪೂರ್ತಿ ಕಾಣಬೇಕು ಎಂದಿದ್ದರು. ಕಾಣಲಿ ಎಂದು "ಸ್ವಲ್ಪ ತಿರುಗಿಸು, ಇನ್ನೂ ಸ್ವಲ್ಪ" ಅಂದೆ. ಬ್ಯಾಟು ತಿರುಗಿದಷ್ಟೂ ಕೈಗಳು ಹಿಡಿಕೆಯ ಸುತ್ತ ಜಾರಿದವು. ಇಂಥ ಜಾಹೀರಾತುಗಳಲ್ಲಿ ಹಿಡಿತ ಕೆಡುವುದು ಹೆಚ್ಚಾಗಿ ಹೀಗೆಯೇ. ಮಾಡೆಲ್‌ಗೆ ಆಟ ಗೊತ್ತಿಲ್ಲ ಎನ್ನುವುದಕ್ಕಿಂತ, ಕ್ಯಾಮೆರಾ ನಿಲ್ಲಬಾರದ ಕಡೆ ನಿಂತಿದೆ ಎನ್ನುವುದೇ ಸರಿ.

ಬ್ಯಾಟಿನ ಆಕಾರ ನೋಡಿ. ನಿಯಮದ ಪ್ರಕಾರ ಮುಖದ ಅಗಲ 10.8 ಸೆಂ.ಮೀ. ಮೀರುವಂತಿಲ್ಲ, ಅಂಚಿನ ದಪ್ಪ 4 ಸೆಂ.ಮೀ. ಮೀರುವಂತಿಲ್ಲ. ದೊಡ್ಡ ಸ್ಟಿಕ್ಕರ್ ಇರುವುದು ಮುಖದ ಮೇಲೆ. ಬ್ಯಾಟ್ಸ್‌ಮನ್ ಸರಿಯಾಗಿ ನಿಂತರೆ ಆ ಮುಖ ಬೌಲರ್ ಕಡೆ ನೋಡುತ್ತದೆ. ಆದರೆ ನಿಲುವು ಚೆನ್ನಾಗಿ ಕಾಣುವುದು ಪಕ್ಕದಿಂದ, ಅಂದರೆ ಪಾಯಿಂಟ್ ಫೀಲ್ಡರ್ ನಿಲ್ಲುವ ಕಡೆಯಿಂದ. ಅಲ್ಲಿಂದ ನೋಡಿದರೆ ಕಾಣುವುದು ಅಂಚು ಮಾತ್ರ, ಸ್ಟಿಕ್ಕರಿನ ಒಂದಕ್ಷರವೂ ಕಾಣದು. ನಾನು ಕ್ಯಾಮೆರಾ ಇಟ್ಟಿದ್ದು ಅಲ್ಲೇ.

ಪಾಯಿಂಟ್ ಬಿಟ್ಟು ಎಕ್ಸ್‌ಟ್ರಾ ಕವರ್ ಕಡೆಗೆ, ಪಿಚ್ಚಿನ ಗೆರೆಗೆ ಸುಮಾರು 45 ಡಿಗ್ರಿಯಲ್ಲಿ ಕ್ಯಾಮೆರಾ ಇಟ್ಟರೆ ಲೆಕ್ಕ ಬದಲಾಗುತ್ತದೆ. ಸುಮ್ಮನೆ ನಿಂತ ನಿಲುವಿನಲ್ಲೇ ಮುಖದ ಅಗಲದ ನೂರಕ್ಕೆ ಎಪ್ಪತ್ತು ಪಾಲು ಕಾಣಿಸುತ್ತದೆ. ಇನ್ನು ಕವರ್ ಡ್ರೈವ್ ಆಡಿಸಿದರೆ ಬ್ಯಾಟಿನ ಮುಖ ತಾನಾಗಿಯೇ ಕವರ್ ಕಡೆಗೆ, ಅಂದರೆ ಕ್ಯಾಮೆರಾ ಕಡೆಗೇ ತಿರುಗುತ್ತದೆ. ಯಾರ ಕೈಯನ್ನೂ ತಿರುಚಬೇಕಾಗಿಲ್ಲ. ಬ್ಯಾಟಿನ ಜಾಹೀರಾತಿಗೆ ಕವರ್ ಡ್ರೈವ್ ಇಷ್ಟು ಒಗ್ಗುವುದಕ್ಕೆ ಅದರ ಚೆಲುವು ಅರ್ಧ ಕಾರಣ, ಸ್ಟಿಕ್ಕರ್ ಉಳಿದರ್ಧ ಎಂದು ನನಗೆ ಅನಿಸುತ್ತದೆ.

ಹೈದರಾಬಾದಿನಲ್ಲಿ ಇನ್ನೊಂದು ಆಸೆಯೂ ಹುಟ್ಟುತ್ತದೆ. ಅಜರುದ್ದೀನ್, ಲಕ್ಷ್ಮಣ್ ಹುಟ್ಟಿ ಬೆಳೆದ ಊರಿದು. ಮಣಿಕಟ್ಟು ತಿರುವಿ ಚೆಂಡನ್ನು ಲೆಗ್ ಕಡೆ ಸರಿಸುವ ಹೊಡೆತ ಇಲ್ಲಿನವರಿಗೆ ಮನೆಯ ರುಚಿ. ಗಿರಾಕಿಗಳು ಅದನ್ನೇ ಕೇಳುತ್ತಾರೆ. ತೆಗೆಯಬಹುದು, ಆದರೆ ಆ ಹೊಡೆತದಲ್ಲಿ ಬ್ಯಾಟಿನ ಮುಖ ಲೆಗ್ ಕಡೆಗೆ ಮುಚ್ಚಿಕೊಳ್ಳುತ್ತದೆ, ಆಫ್ ಕಡೆ ಇಟ್ಟ ಕ್ಯಾಮೆರಾಕ್ಕೆ ಬ್ಯಾಟಿನ ಬೆನ್ನು ಸಿಗುತ್ತದೆ. ಅದಕ್ಕೆ ಮಿಡ್ ವಿಕೆಟ್ ಕಡೆ ಹೋಗಿ ಕೂರಬೇಕು. ಯಾವ ಹೊಡೆತ ಎಂದು ಮೊದಲು ತೀರ್ಮಾನಿಸಿ, ಮುಖ ಎತ್ತ ತಿರುಗುತ್ತದೋ ಅತ್ತ ಕ್ಯಾಮೆರಾ ಇಡುವುದು ಈ ಕೆಲಸದ ಮೊದಲ ಹೆಜ್ಜೆ.

ಎರಡನೇ ಸಲ ಅದೇ ಅಂಗಡಿಯವರಿಗೆ ಅದೇ ಚಿತ್ರವನ್ನು ಮತ್ತೆ ತೆಗೆದುಕೊಟ್ಟೆ. ಮಾಡೆಲ್ ಬದಲು ಲೀಗ್ ಆಡುವ ಹುಡುಗನನ್ನು ಕರೆಸಿದೆ. ಕಾಚಿಗುಡದ ಹಿರಿಯರನ್ನೂ ಬನ್ನಿ ಎಂದು ಕರೆದೆ. ಅವರು ಮೊದಲು ಮಾಡಿಸಿದ್ದು ಇಷ್ಟು: ಬ್ಯಾಟನ್ನು ಮುಖ ಕೆಳಗಾಗಿ ನೆಲದ ಮೇಲೆ ಇಡಿಸಿದರು, ಹಿಡಿಕೆ ಹುಡುಗನ ಕಡೆಗೆ. ಕೊಡಲಿ ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೋ ಎಂದರು. ಹಾಗೆ ಎತ್ತಿದಾಗ ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಆಗುವ ಎರಡು 'ವಿ' ಆಕಾರಗಳು ಒಂದೇ ಸಾಲಿಗೆ ಬರುತ್ತವೆ. ಆ ಸಾಲು ಬ್ಯಾಟಿನ ಬೆನ್ನಿನ ಏಣು ಮತ್ತು ಹೊರ ಅಂಚು, ಇವೆರಡರ ನಡುವೆ ಬೀಳಬೇಕು. ಬಲಗೈ ಆಟಗಾರನಾದರೆ ಎಡಗೈ ಮೇಲೆ, ಬಲಗೈ ಕೆಳಗೆ, ಎರಡೂ ಒಂದಕ್ಕೊಂದು ಒತ್ತಿಕೊಂಡು. ನಡುವೆ ನಾಲ್ಕು ಬೆರಳಿನ ಸಂದು ಬಿಟ್ಟರೆ ಹಿರಿಯರು ಹೇಳಿದ ಕಸಬರಿಗೆಯೇ ಆಗುತ್ತದೆ.

ಗ್ಲೌಸ್ ಹಾಕಿದ ಮೇಲೆ ಆ 'ವಿ' ಕಾಣುವುದಿಲ್ಲ. ಆಗ ಫೋಟೊದಲ್ಲಿ ಹಿಡಿತ ಸರಿಯಿದೆಯೇ ಎಂದು ನೋಡುವುದಕ್ಕೆ ಸುಲಭದ ಗುರುತು ಮೇಲಿನ ಕೈ. ಎಕ್ಸ್‌ಟ್ರಾ ಕವರ್ ಕ್ಯಾಮೆರಾಕ್ಕೆ ಮೇಲಿನ ಕೈಯ ಹಿಂಬದಿ, ಅಂದರೆ ಗ್ಲೌಸಿನ ದಪ್ಪ ಮೆತ್ತೆಗಳಿರುವ ಭಾಗ ಕಾಣಬೇಕು. ಅಂಗೈ ಕಡೆ ಮಡಚಿದ ಬೆರಳ ತುದಿಗಳು ಕಂಡರೆ ಕೈ ಜಾರಿದೆ ಎಂದು ತಿಳಿಯಿರಿ. ಅಂಗಡಿಯವರಿಗೆ ಇದರಲ್ಲಿ ಲಾಭವೂ ಇದೆ. ಗ್ಲೌಸಿನ ಹೆಸರು ಇರುವುದು ಆ ಹಿಂಬದಿಯಲ್ಲೇ.

ಡ್ರೈವಿನ ನಿಲುವಿನಲ್ಲಿ ಹಿರಿಯರು ತಿದ್ದಿದ್ದು ಹೆಚ್ಚೇನಿಲ್ಲ. ಮುಂದಿನ ಕಾಲು ಚೆಂಡಿನ ಹತ್ತಿರ ಹೋಗಿರಬೇಕು, ತಲೆ ಮುಂದಿನ ಮಂಡಿಯ ಮೇಲೆ ಬಂದಿರಬೇಕು, ಮುಂದಿನ ಮೊಣಕೈ ಎತ್ತರದಲ್ಲಿರಬೇಕು, ಹಿಂದಿನ ಕಾಲಿನ ಹಿಮ್ಮಡಿ ಎದ್ದು ಬೆರಳುಗಳು ನೆಲದಲ್ಲಿ ಉಳಿದಿರಬೇಕು. ಆಡದವರು ಎಲ್ಲಕ್ಕಿಂತ ಬೇಗ ಕೆಡಿಸುವುದು ತಲೆಯನ್ನು. ಕ್ಯಾಮೆರಾ ಕಡೆ ಮುಖ ಕಾಣಲಿ ಎಂದು ಗದ್ದ ಎತ್ತುತ್ತಾರೆ, ಆಗ ಕಣ್ಣು ಚೆಂಡಿನ ಮೇಲಿರುವುದಿಲ್ಲ. ಹೆಲ್ಮೆಟ್ಟನ್ನೂ ಹಾಗೆಯೇ ಹಣೆಯ ಮೇಲಕ್ಕೆ ತಳ್ಳುತ್ತಾರೆ. ಗ್ರಿಲ್ಲಿನ ಮೇಲಿನ ಸಂದು ಚೆಂಡು ಒಳಗೆ ನುಗ್ಗದಷ್ಟು ಕಿರಿದಾಗಿರಬೇಕು ಎನ್ನುವುದು ಹೆಲ್ಮೆಟ್ಟಿನ ವಿನ್ಯಾಸದ ಒಂದು ಮುಖ್ಯ ಉದ್ದೇಶ. ಅದನ್ನು ಮಾರುವ ಜಾಹೀರಾತಿನಲ್ಲೇ ಓರೆಯಾಗಿ ಕೂರಿಸಿದರೆ ಏನು ಹೇಳುವುದು? ಪ್ಯಾಡಿನ ಪಟ್ಟಿಗಳ ತುದಿ ಕಾಲಿನ ಹೊರಬದಿಗೆ ಬರಬೇಕು ಎನ್ನುವುದೂ ಇದೇ ಜಾತಿಯ ಸಣ್ಣ ವಿಷಯ. ಪ್ಯಾಡು ಅದಲುಬದಲಾದರೆ ಆಡಿದವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಈಗ ಚೆಂಡಿನ ವಿಷಯ. ಓಡುವ ಚೆಂಡನ್ನು ನಿಲ್ಲಿಸಿ ತೋರಿಸಲು ಶಟರ್ ಎಷ್ಟು ವೇಗದಲ್ಲಿರಬೇಕು ಎನ್ನುವುದಕ್ಕೆ ಊಹೆ ಬೇಡ, ಸುಲಭದ ಲೆಕ್ಕವಿದೆ. ಚೆಂಡಿನ ಅಡ್ಡಳತೆ ಸುಮಾರು 7.2 ಸೆಂ.ಮೀ. ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಚೆಂಡು ತನ್ನ ಅಡ್ಡಳತೆಯ ಇಪ್ಪತ್ತನೇ ಒಂದು ಪಾಲಿಗಿಂತ, ಅಂದರೆ ಸುಮಾರು 3.5 ಮಿ.ಮೀ.ಗಿಂತ ಹೆಚ್ಚು ಸರಿಯದಿದ್ದರೆ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಇದು ನಾನು ಇಟ್ಟುಕೊಂಡ ಅಳತೆ, ಬೇರೆಯವರು ಬೇರೆ ಇಟ್ಟುಕೊಳ್ಳಬಹುದು. ವೇಗದ ಬೌಲರ್ ಗಂಟೆಗೆ 130 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಸೆಕೆಂಡಿಗೆ 36 ಮೀಟರ್ ಹೋಗುತ್ತದೆ. 1/1000 ಸೆಕೆಂಡಿನಲ್ಲಿ ಅದು 3.6 ಸೆಂ.ಮೀ. ಸರಿದಿರುತ್ತದೆ, ಅಂದರೆ ಅರ್ಧ ಚೆಂಡು. ಚಿತ್ರದಲ್ಲಿ ಅದು ಕೆಂಪು ಕೋಳಿಮೊಟ್ಟೆ. 1/4000ಕ್ಕೆ ಏರಿಸಿದರೂ 9 ಮಿ.ಮೀ. ಮಸುಕು ಉಳಿಯುತ್ತದೆ.

ಹಾಗಾಗಿ ಜಾಹೀರಾತಿಗೆ ಯಾರೂ ವೇಗದ ಬೌಲರನ್ನು ಕರೆಸುವುದಿಲ್ಲ. ಕೋಚ್ ಎಂಟು ಹತ್ತು ಮೀಟರ್ ದೂರದಿಂದ ಕೈಯಲ್ಲಿ ಎಸೆದ ಚೆಂಡು ಗಂಟೆಗೆ 50 ಕಿ.ಮೀ. ಸುಮಾರಿಗೆ, ಸೆಕೆಂಡಿಗೆ 14 ಮೀಟರ್ ಬರುತ್ತದೆ. 1/4000ರಲ್ಲಿ ಅದು ಸರಿಯುವುದು ಸರಿಯಾಗಿ 3.5 ಮಿ.ಮೀ. ನಮ್ಮ ಅಳತೆಯೊಳಗೆ ಬಂತು. ಚೆಂಡು ಕ್ಯಾಮೆರಾ ಕಡೆಗೆ ಓರೆಯಾಗಿ ಚಲಿಸಿದರೆ ಮಸುಕು ಇನ್ನೂ ಕಡಿಮೆ, ಎಕ್ಸ್‌ಟ್ರಾ ಕವರ್ ಜಾಗಕ್ಕೆ ಅದೂ ಅನುಕೂಲವೇ. ಇದರಲ್ಲಿ ಮೋಸವೇನೂ ಇಲ್ಲ. ಜಾರ್ಜ್ ಬೆಲ್ಡಮ್ 1905ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ತೆಗೆದ ವಿಕ್ಟರ್ ಟ್ರಂಪರ್ ಚಿತ್ರ, ಮುಂದಕ್ಕೆ ನೆಗೆದು ಡ್ರೈವ್ ಮಾಡುತ್ತಿರುವುದು, ಕ್ರಿಕೆಟ್ಟಿನ ಬಹು ಪ್ರಸಿದ್ಧ ಫೋಟೊಗಳಲ್ಲಿ ಒಂದು. ಅದೂ ಪಂದ್ಯದ ಚಿತ್ರವಲ್ಲ, ಕ್ಯಾಮೆರಾಕ್ಕಾಗಿಯೇ ಆಡಿದ್ದು.

ಶಟರ್ ಸಾಕಷ್ಟು ವೇಗವಿದ್ದರೂ ಚೆಂಡು ಬೇಕಾದ ಜಾಗದಲ್ಲಿ ಸಿಗಬೇಕಲ್ಲ. ಚೆಂಡು ಬ್ಯಾಟಿಗೆ ತಾಕಿರುವ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು. ಅದನ್ನು ಕಣ್ಣಿನಿಂದ ನೋಡಿ ಗುಂಡಿ ಒತ್ತುವುದು ಆಗದ ಮಾತು. ಜಾಹೀರಾತಿಗೆ ಬೇಕಿರುವುದು ಚೆಂಡು ಬ್ಯಾಟಿಗಿಂತ ಒಂದಡಿಯೊಳಗೆ ಇರುವ ಕ್ಷಣ. ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಚೆಂಡು 1.4 ಮೀಟರ್ ಹೋಗಿರುತ್ತದೆ. ಐದು ಎಸೆತಕ್ಕೆ ಒಂದು ಸಿಕ್ಕರೆ ಪುಣ್ಯ. ಸೆಕೆಂಡಿಗೆ 30 ತೆಗೆದರೆ ಅಂತರ 47 ಸೆಂ.ಮೀ.ಗೆ ಇಳಿದು ಮೂರಕ್ಕೆ ಎರಡು ಸಿಗುತ್ತವೆ.

ಆದರೆ ಅಷ್ಟು ವೇಗಕ್ಕೆ ಬಹಳಷ್ಟು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್ ಬಳಸುತ್ತವೆ, ಅಲ್ಲೇ ಒಂದು ಗುಂಡಿ ಕಾದಿದೆ. ಇಂಥ ಶಟರ್ ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಹಳೆಯ ಸೆನ್ಸರುಗಳಲ್ಲಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬರಲು 1/30 ಸೆಕೆಂಡಿನವರೆಗೂ ಬೇಕು. ಅಷ್ಟರಲ್ಲಿ ಬೀಸುತ್ತಿರುವ ಬ್ಯಾಟಿನ ತುದಿ ಹತ್ತಾರು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಶಟರ್ ವೇಗ 1/4000 ಎಂದೇ ತೋರಿಸುತ್ತದೆ, ಮಸುಕೂ ಇರುವುದಿಲ್ಲ, ಆದರೆ ಬ್ಯಾಟು ಬಾಳೆಹಣ್ಣಿನ ಹಾಗೆ ಬಗ್ಗಿರುತ್ತದೆ. ಒಮ್ಮೆ ಇಡೀ ಬೆಳಗಿನ ಕೆಲಸವನ್ನು ನಾನು ಹೀಗೆ ಕಳೆದುಕೊಂಡಿದ್ದೇನೆ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗೊತ್ತಾಗಲೇ ಇಲ್ಲ. ಬ್ಯಾಟಿನ ಎರಡು ಅಂಚಿಗೆ ಒಂದು ಸ್ಕೇಲ್ ಹಿಡಿದು ನೋಡಿದರೆ ಸಾಕು. ನಿಮ್ಮ ಕ್ಯಾಮೆರಾ ಹೀಗೆ ಬಗ್ಗಿಸುವುದಾದರೆ ಮೆಕ್ಯಾನಿಕಲ್ ಶಟರಿಗೆ ಮರಳಿ, ಕಡಿಮೆ ಚಿತ್ರ, ಹೆಚ್ಚು ಎಸೆತ ಎಂದು ಒಪ್ಪಿಕೊಳ್ಳಬೇಕು. ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುವ ಕ್ಯಾಮೆರಾಗಳೂ ಬಂದಿವೆ, ಬೆಲೆ ಕೇಳಿದರೆ ನಾವೇ ಬಗ್ಗಬೇಕಾಗುತ್ತದೆ.

ಸ್ಟುಡಿಯೊದಲ್ಲಿ ಫ್ಲಾಶ್ ಬಳಸಿ ನಿಲ್ಲಿಸುವ ದಾರಿ ಇನ್ನೊಂದು. ಕತ್ತಲ ಕೋಣೆಯಲ್ಲಿ ಫ್ಲಾಶ್ ಮಿಂಚುವ ಅವಧಿಯೇ ಶಟರಿನ ಕೆಲಸ ಮಾಡುತ್ತದೆ. ಕ್ಯಾಮೆರಾದ ಮೇಲೆ ಕೂರಿಸುವ ಸಣ್ಣ ಫ್ಲಾಶ್‌ಗಳಲ್ಲಿ ಶಕ್ತಿ ಇಳಿಸಿದಷ್ಟೂ ಮಿಂಚು ಚಿಕ್ಕದಾಗುತ್ತದೆ. ಹಳೆಯ ಮಾದರಿಯ ಹಲವು ದೊಡ್ಡ ಸ್ಟುಡಿಯೊ ದೀಪಗಳಲ್ಲಿ ಇದು ಉಲ್ಟಾ, ಇಳಿಸಿದಷ್ಟೂ ಮಿಂಚು ಉದ್ದವಾಗುತ್ತದೆ. ಇದು ಗೊತ್ತಿಲ್ಲದೆ ಇಳಿಸುತ್ತಾ ಹೋದವರು ಚೆಂಡು ಯಾಕೆ ಇನ್ನೂ ಮಸುಕು ಎಂದು ತಲೆ ಕೆರೆದುಕೊಳ್ಳುತ್ತಾರೆ.

ನಮ್ಮ ಚಿತ್ರ ಹೊರಗಿನದು, ಹುಲ್ಲು ಬೇಕಾಗಿತ್ತು. ಹೈದರಾಬಾದಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಹಾಯಿಸದ ಮೈದಾನದ ಹುಲ್ಲು ಗೋಣಿಚೀಲದ ಬಣ್ಣಕ್ಕೆ ಬಂದಿರುತ್ತದೆ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಗೆ, ಹಸಿರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ನಾವು ಆರಿಸಿದ್ದು ಆ ಹೊತ್ತನ್ನೇ. ಸಿಕಂದರಾಬಾದ್ ಕಡೆಯ ಒಂದು ಅಕಾಡೆಮಿ ಮೈದಾನ, ಅಂಚಿನಲ್ಲಿದ್ದ ಅಭ್ಯಾಸದ ಪಿಚ್ಚು.

ಹುಲ್ಲು ಬೇಕೆಂದರೂ ನಿಲ್ಲಿಸಿದ್ದು ಪಿಚ್ಚಿನ ಮೇಲೆಯೇ, ಆದರೆ ಪಿಚ್ಚು ಹಸಿರಾಗಿರುವುದಿಲ್ಲ. ಉರುಳುಗಲ್ಲು ಉರುಳಿಸಿ, ಹುಲ್ಲನ್ನು ಬುಡದವರೆಗೆ ಕತ್ತರಿಸಿದ ಮಣ್ಣಿನ ಪಟ್ಟಿ ಅದು. ಹುಲ್ಲು ಚೆನ್ನಾಗಿ ಕಾಣಲಿ ಎಂದು ಬ್ಯಾಟ್ಸ್‌ಮನ್ನನ್ನು ಔಟ್‌ಫೀಲ್ಡಿನ ನಡುವೆ, ಕ್ರೀಸಿನ ಗೆರೆಯೂ ಇಲ್ಲದ ಕಡೆ ನಿಲ್ಲಿಸಿ ತೆಗೆದ ಜಾಹೀರಾತುಗಳು ಬೇಕಾದಷ್ಟಿವೆ. ನೋಡಿದವರು ನಗುತ್ತಾರೆ. ಹಾಗಾದರೆ ಮಣ್ಣಿನ ಪಿಚ್ಚಿನ ಮೇಲೆ ನಿಂತವನ ಚಿತ್ರದಲ್ಲಿ ಹುಲ್ಲು ತುಂಬುವುದು ಹೇಗೆ?

ಉತ್ತರ ಕ್ಯಾಮೆರಾದ ಎತ್ತರದಲ್ಲಿದೆ. ಪಿಚ್ಚಿನ ಅಗಲ 3.05 ಮೀಟರ್. 135 ಮಿ.ಮೀ. ಲೆನ್ಸ್ ಹಾಕಿ, ಬ್ಯಾಟ್ಸ್‌ಮನ್‌ನಿಂದ 12 ಮೀಟರ್ ದೂರದಲ್ಲಿ ನಿಂತು ಕಣ್ಣಿನ ಎತ್ತರದಿಂದ ತೆಗೆದರೆ ಪಿಚ್ಚಿನ ಮಣ್ಣು ಚೌಕಟ್ಟಿನ ಎತ್ತರದ ಕಾಲು ಭಾಗವನ್ನು ನುಂಗುತ್ತದೆ. ಅದೇ ಕ್ಯಾಮೆರಾವನ್ನು ನೆಲದಿಂದ ಒಂದು ಗೇಣು, ಸುಮಾರು 25 ಸೆಂ.ಮೀ. ಎತ್ತರಕ್ಕೆ ಇಳಿಸಿದರೆ ಮಣ್ಣು ಇಪ್ಪತ್ತೈದನೇ ಒಂದು ಪಾಲಿಗೆ ಕುಗ್ಗಿ ತೆಳ್ಳನೆಯ ಗೆರೆಯಾಗುತ್ತದೆ. ಅದರ ಮುಂದೆ, ಲೆನ್ಸಿನಿಂದ ಪಿಚ್ಚಿನವರೆಗಿನ ಹುಲ್ಲಿನ ಎಸಳುಗಳು ಎದ್ದು ನಿಲ್ಲುತ್ತವೆ. ಹತ್ತಿರದವು ಮಸುಕು, ಪಿಚ್ಚಿನ ಪಕ್ಕದವು ಒಂದೊಂದೂ ಸ್ಪಷ್ಟ. f/4ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1.9 ಮೀಟರ್, ಬ್ಯಾಟು, ಕೈ, ಚೆಂಡು, ಮುಂದಿನ ಪಾದ ಎಲ್ಲವೂ ಅದರೊಳಗೆ ಹಿಡಿಸುತ್ತವೆ.

ನೆಲಕ್ಕೆ ಇಳಿದರೆ ಇನ್ನೊಂದು ಲಾಭ, ನಾನು ಅದನ್ನು ಎಣಿಸಿರಲಿಲ್ಲ. ಡ್ರೈವಿನಲ್ಲಿ ಚೆಂಡು ತಾಕುವ ಹೊತ್ತಿಗೆ ಹಿಡಿಕೆ ಮುಂದಕ್ಕೆ ವಾಲಿರುತ್ತದೆ, ತುದಿ ಹಿಂದಿರುತ್ತದೆ, ಮುಖ ತುಸು ನೆಲ ನೋಡುತ್ತಿರುತ್ತದೆ. ನಿಂತು ತೆಗೆದರೆ ಸ್ಟಿಕ್ಕರ್ ಕುಗ್ಗಿದಂತೆ ಕಾಣುತ್ತದೆ. ಕೆಳಗಿನಿಂದ ತೆಗೆದರೆ ಅಕ್ಷರಗಳು ಹೆಚ್ಚು ನೇರವಾಗಿ ಬರುತ್ತವೆ.

ಬೆಳಕಿನ ದಿಕ್ಕಿಗೆ ಪಿಚ್ಚುಗಳೇ ಸಹಾಯ ಮಾಡುತ್ತವೆ. ಆಟಗಾರರ ಕಣ್ಣಿಗೆ ಬಿಸಿಲು ಹೊಡೆಯಬಾರದೆಂದು ಅವನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಸಿರುತ್ತಾರೆ. ಉತ್ತರದ ತುದಿಯಲ್ಲಿ ನಿಂತ ಬಲಗೈ ಬ್ಯಾಟ್ಸ್‌ಮನ್ ಎದೆ ಪಶ್ಚಿಮಕ್ಕೆ, ಬೆನ್ನು ಪೂರ್ವಕ್ಕೆ. ಅವನನ್ನು ಬೆಳಗ್ಗೆ ಎಕ್ಸ್‌ಟ್ರಾ ಕವರ್‌ನಿಂದ ತೆಗೆದರೆ ಸೂರ್ಯ ಅವನ ಹಿಂದೆ, ಓರೆಯಲ್ಲಿರುತ್ತಾನೆ. ಹುಲ್ಲಿನ ಎಸಳೊಳಗಿಂದ ಬೆಳಕು ತೂರಿ ಬಂದು ಹಸಿರು ಬೆಳಗುತ್ತದೆ, ಎಸಳಿನ ನೆರಳು ಎಸಳಿನ ಪಕ್ಕ ಬಿದ್ದು ಮೈದಾನಕ್ಕೆ ಮೈ ಬರುತ್ತದೆ. ಅದೇ ದಕ್ಷಿಣದ ತುದಿಯಲ್ಲಿ ನಿಲ್ಲಿಸಿದರೆ ಬೆಳಕು ಕ್ಯಾಮೆರಾ ಕಡೆಯಿಂದ ಹೋಗುತ್ತದೆ, ಸ್ಟಿಕ್ಕರ್ ಬೆಳಗುತ್ತದೆ, ಹುಲ್ಲು ಹಸಿರು ಬಣ್ಣ ಬಳಿದ ಗೋಡೆಯಾಗುತ್ತದೆ.

ನಾವು ಉತ್ತರದ ತುದಿ ಹಿಡಿದೆವು. ಬೆಳಗ್ಗೆ 7 ಗಂಟೆಗೆ ನೆರಳು ವಸ್ತುವಿನ ಐದೂವರೆ ಪಟ್ಟಿಗೂ ಹೆಚ್ಚು ಉದ್ದವಿತ್ತು. ಒಂದು ಸೆಂಟಿಮೀಟರ್ ಹುಲ್ಲಿಗೂ ಬೆರಳುದ್ದದ ನೆರಳು. 9 ಗಂಟೆಯ ಹೊತ್ತಿಗೆ ಅದು ಸುಮಾರು 1.4 ಪಟ್ಟಿಗೆ ಇಳಿದು, ಅದೇ ಹುಲ್ಲು ಚಪ್ಪಟೆಯಾಗಿ ಕಂಡಿತು. ಕೆಲಸಕ್ಕೆ ಸಿಗುವುದು ಒಂದು ಗಂಟೆ ಅಷ್ಟೆ. ಕತ್ತಲಲ್ಲಿ ಉಳಿದ ಸ್ಟಿಕ್ಕರಿಗೆ ದೊಡ್ಡ ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ಕ್ಯಾಮೆರಾದ ಪಕ್ಕ ನೆಲದಲ್ಲಿ ಓರೆಯಾಗಿ ಇಟ್ಟು ಬೆಳಕು ತಿರುಗಿಸಿದೆವು. 1/4000 ಶಟರಿನಲ್ಲಿ ಹೊರಗಿನ ಫ್ಲಾಶ್ ಬಹಳ ಸೋಲುತ್ತದೆ, ಥರ್ಮಾಕೋಲೇ ವಾಸಿ. ಐಎಸ್‌ಒ 800. ಹುಲ್ಲಿನ ಹೊಳಪು ತಗ್ಗಿಸಲು ಪೋಲರೈಸರ್ ಹಾಕಬಹುದಿತ್ತು, ಆದರೆ ಅದು ಬೆಳಕಿನ ಮುಕ್ಕಾಲು ಭಾಗವನ್ನೇ ತಿನ್ನಬಲ್ಲದು. ಆ ಹೊತ್ತಿನಲ್ಲಿ ಅಷ್ಟು ಬೆಳಕು ಬಿಟ್ಟುಕೊಟ್ಟರೆ ಚೆಂಡು ಮಸುಕಾಗುತ್ತದೆ. ಹೊಳಪು ಇರಲಿ ಎಂದೆ.

ಒಳಗೇ ತೆಗೆಯುವವರಿಗೆ ಒಂದು ಮಾತು. ನರ್ಸರಿಗಳಲ್ಲಿ ಚಾಪೆಯಂತೆ ಸಿಗುವ 'ಮೆಕ್ಸಿಕನ್ ಹುಲ್ಲು' ಮನೆಯಂಗಳದ್ದು, ಮೆತ್ತಗೆ ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತದೆ. ನಮ್ಮ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಬರ್ಮುಡಾ, ಅಂದರೆ ಗಣಪತಿಗೆ ಏರಿಸುವ ಗರಿಕೆಯ ಬಳಗ. ತಟ್ಟೆಯಲ್ಲಿ ಬೆಳೆಸಿದ ಗರಿಕೆಯ ಮೇಲೆ ಚೆಂಡು ಇಟ್ಟರೆ ಚಿತ್ರ ನಂಬುವಂತಿರುತ್ತದೆ. ಪ್ಲಾಸ್ಟಿಕ್ ಹುಲ್ಲಿನಲ್ಲಿ ಎಲ್ಲ ಎಸಳೂ ಒಂದೇ ಉದ್ದ, ಒಣಗಿದ ಒಂದೂ ಇಲ್ಲ, ಬುಡದಲ್ಲಿ ಮಣ್ಣಿಲ್ಲ.

ಎಸೆತ ಶುರುವಾಗುವ ಮೊದಲು ಹಿರಿಯರು ಹೊಸ ಬ್ಯಾಟನ್ನು ಹುಡುಗನ ಕೈಯಿಂದ ಕಿತ್ತುಕೊಂಡರು. ಮರದ ಸುತ್ತಿಗೆಯಲ್ಲಿ ಗಂಟೆಗಟ್ಟಲೆ ಬಡಿದು ಪಳಗಿಸದ ಬ್ಯಾಟಿಗೆ ಲೆದರ್ ಚೆಂಡು ಬಿದ್ದರೆ ಮುಖ ಗುಳಿ ಬೀಳುತ್ತದೆ, ಅಂಚು ಸೀಳಬಹುದು. ಸೀಳದಿದ್ದರೂ ಸ್ಟಿಕ್ಕರಿನ ಮೇಲೆ ಕೆಂಪು ಮುದ್ರೆ ಖಂಡಿತ. ಅದಕ್ಕೇ ಎರಡು ಬ್ಯಾಟು ಬೇಕು. ಪಳಗಿದ ಬ್ಯಾಟಿಗೆ ಅದೇ ಸ್ಟಿಕ್ಕರ್ ಅಂಟಿಸಿ ಹೊಡೆತಕ್ಕೆ ಕೊಟ್ಟೆವು, ಹೊಸದನ್ನು ಕೊನೆಗೆ ಚೆಂಡಿಲ್ಲದೆ ಅದೇ ಭಂಗಿಯಲ್ಲಿ ಹಿಡಿಸಿ ತೆಗೆದೆವು. ಕ್ಯಾಮೆರಾ ಚೆಂಡು ಬರುವ ದಾರಿಯಲ್ಲೇ ಇದ್ದದ್ದರಿಂದ ಅದನ್ನು ಬಲೆಯ ಹಿಂದೆ ಇಟ್ಟು, ನಾನು ದೂರ ಕೂತು ರಿಮೋಟ್ ಒತ್ತಿದೆ. ಬಲೆಯ ಒಂದು ಕಣ್ಣಿನಲ್ಲಿ ಲೆನ್ಸ್ ತೂರಿಸಿದರೆ ಸಾಕು. ಥರ್ಮಾಕೋಲಿಗೆ ಮೂರನೇ ಎಸೆತದಲ್ಲೇ ತೂತು ಬಿತ್ತು.

ಅರವತ್ತು ಎಸೆತಗಳಲ್ಲಿ ಹನ್ನೊಂದು ಚಿತ್ರಗಳು ಉಳಿದವು. ಎಲ್ಲವೂ ಸ್ಪಷ್ಟವಾಗಿದ್ದ ಒಂದನ್ನು ನಾನು ಆರಿಸಿದೆ. ಹಿರಿಯರಿಗೆ ಅದು ಹಿಡಿಸಲಿಲ್ಲ, ದಾರದಲ್ಲಿ ಚೆಂಡು ತೂಗುಹಾಕಿದಂತಿದೆ ಎಂದರು. ಸರಿಯಾಗಿಯೇ ಕಂಡಿದ್ದರು. ಪೂರ್ತಿ ನಿಂತ ಚೆಂಡಿನಲ್ಲಿ ವೇಗ ಕಾಣುವುದು ಬೇರೆ ಗುರುತುಗಳಿಂದ. ಅವರು ಬೆರಳಿಟ್ಟ ಚಿತ್ರದಲ್ಲಿ ಬ್ಯಾಟಿನ ತುದಿ ಕೂದಲೆಳೆಯಷ್ಟು ಮಸುಕು, ಸೀಮ್ ಓರೆಯಾಗಿ ತಿರುಗುತ್ತಿದೆ, ಮುಂದಿನ ಶೂ ಊರಿದ ಕಡೆ ನಾಲ್ಕು ಮಣ್ಣಿನ ಕಣ ಗಾಳಿಯಲ್ಲಿವೆ, ತೋಳಿನ ಬಟ್ಟೆ ಹಿಂದಕ್ಕೆ ಎಳೆದು ಮಡಿಕೆ ಬಿದ್ದಿದೆ. ಸ್ಟಿಕ್ಕರಿನ ಕೊನೆಯ ಅಕ್ಷರ ಪ್ಯಾಡಿನ ಹಿಂದೆ ಅರ್ಧ ಮರೆಯಾಗಿತ್ತು.

ಅಂಗಡಿಯವರು ಆ ಅರ್ಧ ಅಕ್ಷರವನ್ನು ಕಂಪ್ಯೂಟರಿನಲ್ಲಿ ಈಚೆಗೆ ಸರಿಸಲು ಆಗುವುದಿಲ್ಲವೇ ಎಂದು ಕೇಳಿದರು. ಸರಿಸಬೇಕಾದರೆ ಬ್ಯಾಟನ್ನೇ ತಿರುಗಿಸಬೇಕು, ಬ್ಯಾಟು ತಿರುಗಿದರೆ ಕೈಯೂ ಕೆಡುತ್ತದೆ ಎಂದು ಹಳೆಯ ಪ್ರಿಂಟನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ಎರಡನ್ನೂ ನೋಡಿ, ಹೆಸರನ್ನು ಕೆಳಗೆ ದೊಡ್ಡದಾಗಿ ಬರೆಸಿಬಿಡೋಣ ಎಂದರು.